ಅಡಿಕೆ ಗೋದಾಮಿನ ನೆಟ್‌ವರ್ಕ್‌ಗೆ ಪೋಡಿ: ಒಂದು /24, ಎಂಟು ಸಮಪಾಲು

ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ಬೆಳೆಗಾರರ ಸಹಕಾರ ಸಂಘದ ಶಾಖೆಯಲ್ಲಿ ನೆಟ್‌ವರ್ಕ್ ಬಿಚ್ಚಿ ಹೊಸದಾಗಿ ಕಟ್ಟಿಕೊಟ್ಟ ಕೆಲಸದ ದಾಖಲೆ ಇದು. ಸಂಘದ ಹೆಸರು ಬರೆದಿಲ್ಲ, ವಿಳಾಸದ ಅಂಕಿಗಳನ್ನೂ ಬದಲಿಸಿದ್ದೇನೆ. ಲೆಕ್ಕ ಮಾತ್ರ ಅಲ್ಲಿ ಮಾಡಿದ್ದೇ. ಸಣ್ಣ ಕಚೇರಿ, ಗೋದಾಮು, ಶಾಲೆಗಳಲ್ಲಿ ಇಂಥ ಕೆಲಸ ಹಿಡಿಯುವವರಿಗೆ ಬೇಕಾಗುವುದು ಆ ಲೆಕ್ಕವೇ. ಹಾಗಾಗಿ ಅದನ್ನು ಬಿಡಿಸಿ ಬರೆದಿದ್ದೇನೆ.

ಮೊದಲು ಹೇಗಿತ್ತು

ಕಟ್ಟಡ ಎರಡು. ಮುಂದೆ ಕಚೇರಿ, ಅದಕ್ಕೆ ಅಂಟಿಕೊಂಡ ಹಾಲ್. ಟೆಂಡರ್ ದಿನ ಬೆಳೆಗಾರರು ಬಂದು ಕೂರುವುದು ಅಲ್ಲೇ. ಅಂಗಳ ದಾಟಿದರೆ ಗೋದಾಮು: ರಾಶಿ, ಬೆಟ್ಟೆ, ಗೊರಬಲು ಎಂದು ವಿಂಗಡಿಸಿಟ್ಟ ಮೂಟೆಗಳು, ತೂಕದ ಯಂತ್ರಗಳು, ಮೂಲೆಮೂಲೆಗೂ ಕ್ಯಾಮೆರಾ. ಎರಡರ ನಡುವೆ ಫೈಬರ್ ಎಳೆದಿದ್ದಾರೆ, ಅದು ಒಳ್ಳೆಯ ಕೆಲಸ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಬಯಲಿನಲ್ಲಿ ಹಾದ ತಾಮ್ರದ ಕೇಬಲ್ ಸಿಡಿಲಿನ ಹೊಡೆತವನ್ನು ಎರಡೂ ತುದಿಯ ಸ್ವಿಚ್‌ಗೆ ಮುಟ್ಟಿಸಿಬಿಡುತ್ತದೆ. ಮಲೆನಾಡಿನಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ತಾಮ್ರ ಎಳೆಯಲೇಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಕೇಬಲ್ ಚೆನ್ನಾಗಿತ್ತು, ವಿಳಾಸದ ವ್ಯವಸ್ಥೆ ಚೆನ್ನಾಗಿರಲಿಲ್ಲ. ಎಲ್ಲವೂ ಒಂದೇ ಅಂಗಳದಲ್ಲಿದ್ದವು: 10.40.6.0, ಮಾಸ್ಕ್ 255.255.255.0, ಚಿಕ್ಕದಾಗಿ ಬರೆದರೆ /24. ವಿಳಾಸದ 32 ಬಿಟ್‌ಗಳಲ್ಲಿ ಮೊದಲ 24 ಎಲ್ಲ ಸಾಧನಕ್ಕೂ ಒಂದೇ ಎಂದು ಅದರ ಅರ್ಥ. ಕಂಪ್ಯೂಟರ್, ಪ್ರಿಂಟರ್, ಕ್ಯಾಮೆರಾ, ತೂಕದ ಟರ್ಮಿನಲ್, ಹಾಲ್‌ನ ವೈಫೈ ಹಿಡಿದ ಬೆಳೆಗಾರರ ಮೊಬೈಲ್, ಎಲ್ಲಕ್ಕೂ ಅದೇ. ರೂಟರ್ ತಾನಾಗಿ ಹಂಚಲು ಇಟ್ಟುಕೊಂಡಿದ್ದು 50 ವಿಳಾಸ. ಟೆಂಡರ್ ದಿನ ಬೆಳಿಗ್ಗೆ ಹಾಲ್ ತುಂಬುತ್ತಿದ್ದಂತೆ ಆ 50 ಖಾಲಿ. ರಾತ್ರಿ ಆಫ್ ಮಾಡಿದ ತೂಕದ ಟರ್ಮಿನಲ್‌ಗಳ ಲೀಸ್, ಅಂದರೆ ವಿಳಾಸ ಇಟ್ಟುಕೊಳ್ಳುವ ಅವಧಿ, ಅಷ್ಟರಲ್ಲಿ ಮುಗಿದಿರುತ್ತಿತ್ತು. ಆನ್ ಮಾಡಿದರೆ ಅವಕ್ಕೆ ವಿಳಾಸವೇ ಇಲ್ಲ. ಮೂಟೆ ಹೊತ್ತವರು ಸಾಲಿನಲ್ಲಿ ನಿಂತಿರುತ್ತಾರೆ, ತೂಕ ಮಾತ್ರ ಕಂಪ್ಯೂಟರ್‌ಗೆ ಹೋಗುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು: ಹಾಲ್‌ನಲ್ಲಿ ಕುಳಿತ ಯಾರೇ ಆಗಲಿ, ಮೊಬೈಲಿನಲ್ಲಿ ಕ್ಯಾಮೆರಾ ರೆಕಾರ್ಡರ್‌ನ ವಿಳಾಸ ಒತ್ತಿದರೆ ಅದರ ಲಾಗಿನ್ ಪುಟ ತೆರೆದುಕೊಳ್ಳುತ್ತಿತ್ತು.

ವಿಳಾಸ ಹಂಚುವ ಮಿತಿಯನ್ನು 50ರಿಂದ 150ಕ್ಕೆ ಏರಿಸಿದರೆ ಮೊದಲ ತೊಂದರೆ ಅಡಗುತ್ತದೆ, ಎರಡನೆಯದು ಹಾಗೇ ಉಳಿಯುತ್ತದೆ. ಆದ್ದರಿಂದ ಭಾಗ ಮಾಡುವುದೇ ಸರಿ ಎಂದು ತೀರ್ಮಾನವಾಯಿತು.

ಒಂದೇ ಬ್ಲಾಕ್ ಏಕೆ

ಇಲ್ಲಿ ಯಾರಾದರೂ ಕೇಳಬಹುದು: ಖಾಸಗಿ ವಿಳಾಸಕ್ಕೆ ದುಡ್ಡು ಕೊಡಬೇಕಿಲ್ಲವಲ್ಲ, ಒಂದೊಂದು ಭಾಗಕ್ಕೂ ಒಂದೊಂದು /24 ಕೊಟ್ಟರೆ ಮುಗಿಯಿತಲ್ಲ? ನ್ಯಾಯವಾದ ಪ್ರಶ್ನೆ. 1996ರ ಆರ್‌ಎಫ್‌ಸಿ 1918 ಎಂಬ ಇಂಟರ್‌ನೆಟ್ ನಿಯಮಗಳ ದಾಖಲೆ ಖಾಸಗಿ ಬಳಕೆಗೆಂದು ಮೂರು ಶ್ರೇಣಿ ಬಿಟ್ಟುಕೊಟ್ಟಿದೆ: 10.0.0.0/8, 172.16.0.0/12, 192.168.0.0/16. ಮೊದಲನೆಯದರಲ್ಲೇ 1 ಕೋಟಿ 67 ಲಕ್ಷಕ್ಕೂ ಹೆಚ್ಚು ವಿಳಾಸ ಇವೆ. ಒಂಟಿ ಕಚೇರಿಯಾಗಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ.

ಆದರೆ ಈ ಶಾಖೆ ಒಂಟಿಯಲ್ಲ. ಶಿವಮೊಗ್ಗದ ಮುಖ್ಯ ಕಚೇರಿಗೆ ಇಂಟರ್‌ನೆಟ್ ಮೇಲೆಯೇ ಹಾದ ಖಾಸಗಿ ದಾರಿ, ಅಂದರೆ ಟನಲ್ ಇದೆ, ಅಲ್ಲಿನ ಸರ್ವರ್ 10.40.0.0/24ರಲ್ಲಿದೆ. ಪ್ರತಿ ಶಾಖೆಗೂ ಒಂದೇ ಒಂದು /24 ಎಂದು ಅವರು ಹಂಚಿದ್ದಾರೆ. ಈ ಶಾಖೆಯ ಪಾಲು 10.40.6.0/24. ಮುಖ್ಯ ಕಚೇರಿಯ ರೂಟರ್‌ನಲ್ಲಿ ಈ ಶಾಖೆಗೆಂದು ಇರುವುದು ಒಂದೇ ಸಾಲು. ಆ ಸಾಲನ್ನು ಮುಟ್ಟದೆ ಒಳಗೆ ಏನು ಬೇಕಾದರೂ ಮಾಡಿಕೊಳ್ಳಿ ಎಂದರು. ಶಾಖೆಯೊಳಗೆ ಎಷ್ಟು ಭಾಗವಾದರೂ ಶಿವಮೊಗ್ಗಕ್ಕೆ ಅದು ಒಂದೇ ಬ್ಲಾಕ್.

ಶಾಖೆಯ ಮ್ಯಾನೇಜರ್ ಅಡಿಕೆ ತೋಟದ ಮನೆಯವರು. ಕಾಗದದಲ್ಲಿ ಇಷ್ಟು ಬರೆದು ತೋರಿಸುತ್ತಿದ್ದಂತೆ ಹೇಳಿದರು, "ಅಂದ್ರೆ ಸರ್ವೆ ನಂಬರ್ ಒಂದೇ, ಒಳಗೆ ಪೋಡಿ ಮಾಡಿ ಹಿಸ್ಸೆ ಹಾಕ್ತೀರಿ, ಅಲ್ವನಾ?" ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುತ್ತಿರಲಿಲ್ಲ.

ಎಷ್ಟು ಭಾಗ, ಎಷ್ಟು ದೊಡ್ಡದು

ಸಾಧನಗಳನ್ನು ಎಣಿಸಿದೆವು. ಕಚೇರಿಯಲ್ಲಿ ಕಂಪ್ಯೂಟರ್, ಪ್ರಿಂಟರ್, ಹಾಜರಾತಿ ಯಂತ್ರ ಸೇರಿ 15. ಕ್ಯಾಮೆರಾ 19, ಅವುಗಳ ರೆಕಾರ್ಡರ್ ಒಂದು, ಒಟ್ಟು 20. ತೂಕದ ಟರ್ಮಿನಲ್, ಬಾರ್‌ಕೋಡ್ ಓದುವ ಕೈಯಂತ್ರ, ಲಾರಿ ತೂಗುವ ಕಡೆಯ ಕಂಪ್ಯೂಟರ್ ಸೇರಿ 11. ಸ್ವಿಚ್, ವೈಫೈ ಪೆಟ್ಟಿಗೆ, ಯುಪಿಎಸ್ ಕಾರ್ಡ್‌ಗಳು 8. ಕೊನೆಗೆ ಹಾಲ್‌ನ ಮೊಬೈಲ್‌ಗಳು. ಟೆಂಡರ್ ದಿನ ಇವು 60 ದಾಟುತ್ತವೆ.

ಅಂದರೆ ಐದು ಭಾಗ ಬೇಕು. ಸಮಪಾಲು ಮಾಡುವಾಗ ಐದು ಸಿಗುವುದಿಲ್ಲ. ಪಾಲುಗಳ ಸಂಖ್ಯೆ ಯಾವಾಗಲೂ 2, 4, 8, 16 ಎಂದೇ ಹೋಗುತ್ತದೆ, ಏಕೆಂದರೆ ಪಾಲು ಮಾಡುವುದೆಂದರೆ ಸಾಧನಗಳಿಗೆಂದು ಇದ್ದ ಬಿಟ್‌ಗಳಲ್ಲಿ ಕೆಲವನ್ನು ಕಿತ್ತು ಭಾಗಗಳ ಸಂಖ್ಯೆಗೆ ಕೊಡುವುದು. /24ರಲ್ಲಿ ಸಾಧನಗಳಿಗೆ 8 ಬಿಟ್ ಇವೆ, 256 ವಿಳಾಸ. ಒಂದು ಬಿಟ್ ತೆಗೆದರೆ ಎರಡು ಪಾಲು, ಎರಡು ತೆಗೆದರೆ ನಾಲ್ಕು, ಮೂರು ತೆಗೆದರೆ ಎಂಟು. ತೆಗೆದಷ್ಟೂ ಪಾಲು ಹೆಚ್ಚುತ್ತದೆ, ಪ್ರತಿ ಪಾಲಿನ ಒಳಗಿನ ಜಾಗ ಅರ್ಧರ್ಧವಾಗುತ್ತ ಹೋಗುತ್ತದೆ.

ಎರಡು ಬಿಟ್ ತೆಗೆದರೆ /26. ಮಾಸ್ಕ್ 255.255.255.192. ನಾಲ್ಕು ಪಾಲು, ಒಂದೊಂದರಲ್ಲಿ 64 ವಿಳಾಸ. ಅದರಲ್ಲಿ ಮೊದಲನೆಯದು ಆ ಪಾಲಿನ ಹೆಸರೇ ಆಗಿರುತ್ತದೆ, ಕೊನೆಯದು ಪಾಲಿನ ಎಲ್ಲ ಸಾಧನಗಳನ್ನೂ ಒಟ್ಟಿಗೆ ಕರೆಯುವ ಬ್ರಾಡ್‌ಕಾಸ್ಟ್. ಎರಡನ್ನೂ ಯಾವ ಸಾಧನಕ್ಕೂ ಕೊಡುವಂತಿಲ್ಲ. ಉಳಿದದ್ದು 62.

ಮೂರು ಬಿಟ್ ತೆಗೆದರೆ /27. ಕೊನೆಯ ಎಂಟು ಬಿಟ್‌ಗಳಲ್ಲಿ ಮೊದಲ ಮೂರು ಒಂದು, ಉಳಿದ ಐದು ಸೊನ್ನೆ: 11100000. ಸ್ಥಾನಬೆಲೆ ಕೂಡಿದರೆ 128+64+32, ಅಂದರೆ 224. ಮಾಸ್ಕ್ 255.255.255.224. ಉಳಿದ ಐದು ಬಿಟ್‌ಗೆ 32 ವಿಳಾಸ, ಎರಡು ಕಳೆದರೆ 30. ಆ 30ರಲ್ಲೂ ಒಂದು ರೂಟರ್‌ಗೆ, ಅಂದರೆ ಗೇಟ್‌ವೇಗೆ ಹೋಗುತ್ತದೆ. ಸಾಧನಗಳಿಗೆ ಕೈಗೆ ಸಿಗುವುದು 29. ಪುಸ್ತಕದ ಲೆಕ್ಕ 30 ಎನ್ನುತ್ತದೆ, ಅದು ತಪ್ಪಲ್ಲ. ಆದರೆ ಅಂಗಡಿಯಿಂದ 30 ಕ್ಯಾಮೆರಾ ತಂದವನಿಗೆ ಈ ಒಂದರ ವ್ಯತ್ಯಾಸ ಗೊತ್ತಿರಬೇಕು.

ಈಗ ಸಿಕ್ಕು ನೋಡಿ. /26 ಆದರೆ ಒಳಗೆ ಜಾಗ ಧಾರಾಳ, ಪಾಲು ನಾಲ್ಕೇ, ಐದನೆಯದಕ್ಕೆ ಜಾಗವಿಲ್ಲ. /27 ಆದರೆ ಪಾಲು ಎಂಟು, ಆದರೆ ಹಾಲ್‌ನ 60 ಮೊಬೈಲ್ 29ರಲ್ಲಿ ಹಿಡಿಸುವುದಿಲ್ಲ. ಬೇರೆ ಬೇರೆ ಅಳತೆಯ ಪಾಲು ಮಾಡಬಹುದು, ಹಾಲ್‌ಗೆ /25, ಉಳಿದವಕ್ಕೆ /27 ಎಂದು. ಸರಿಯಾದ ವಿಧಾನವೇ. ಆದರೆ ಆಗ ಒಂದೇ ಶಾಖೆಯಲ್ಲಿ ಎರಡು ಮಾಸ್ಕ್ ಓಡಾಡುತ್ತವೆ. ನಾನು ಶಿವಮೊಗ್ಗದಲ್ಲಿರುವವನು, ಮಳೆಗಾಲದಲ್ಲಿ ಕ್ಯಾಮೆರಾ ಕೆಟ್ಟರೆ ಬದಲಿಸುವುದು ಅಲ್ಲಿನ ಹುಡುಗರು. ಯಾವ ಸಾಧನವಾದರೂ ಮಾಸ್ಕ್ ಒಂದೇ, ಗೋಡೆಯ ಮೇಲೆ ಬರೆದದ್ದೇ, ಎನ್ನುವಂತಿದ್ದರೆ ಅವರ ಕೆಲಸ ಹಗುರ. ಆದ್ದರಿಂದ ಸಮಪಾಲನ್ನು ಬಿಡಲು ನನಗೆ ಮನಸ್ಸಿರಲಿಲ್ಲ.

ಪರಿಹಾರ ಬೇರೆ ಕಡೆಯಿಂದ ಬಂತು. ಬೆಳೆಗಾರರ ಮೊಬೈಲಿಗೆ ಶಿವಮೊಗ್ಗದ ಸರ್ವರ್ ಯಾಕೆ ಬೇಕು? ಬೇಕಿಲ್ಲ. ಅವು ಹೋಗುವುದು ಇಂಟರ್‌ನೆಟ್‌ಗೆ ಮಾತ್ರ, ಅದೂ ಶಾಖೆಯ ಸ್ವಂತ ಲೈನಿನಲ್ಲಿ, ರೂಟರ್‌ನ ನ್ಯಾಟ್ ಹಿಂದೆ, ಅಂದರೆ ರೂಟರ್‌ನ ಒಂದೇ ವಿಳಾಸದ ಮರೆಯಲ್ಲಿ ನಿಂತು. ಟನಲ್ ದಾಟದ ಸಾಧನ ಮುಖ್ಯ ಕಚೇರಿ ಕೊಟ್ಟ ಬ್ಲಾಕಿನಲ್ಲಿ ಇರಬೇಕಾದ ಅಗತ್ಯವೇ ಇಲ್ಲ. ಹಾಲ್‌ನ ವೈಫೈಯನ್ನು ಬ್ಲಾಕಿನಿಂದ ಹೊರಗೆ ತೆಗೆದು 192.168.77.0/24ಕ್ಕೆ ಹಾಕಿದೆ. ಅಲ್ಲಿ 254 ವಿಳಾಸ, ಲೀಸ್ ಎರಡು ಗಂಟೆ, 10.40.0.0/16 ಕಡೆಗೆ ಹೋಗಲು ಸಂಪೂರ್ಣ ತಡೆ. ಕ್ಯಾಮೆರಾ ಲಾಗಿನ್ ಪುಟದ ಚಿಂತೆಯೂ ಅಲ್ಲಿಗೆ ತೀರಿತು.

ಉಳಿದದ್ದು ನಾಲ್ಕು ಭಾಗ. ಈಗ /26ಕ್ಕೆ ನಾಲ್ಕೂ ಕರಾರುವಾಕ್ಕಾಗಿ ಕೂರುತ್ತವೆ. ಶಿವಮೊಗ್ಗದ ಕಚೇರಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವರು ಫೋನಿನಲ್ಲಿ ಅದನ್ನೇ ಹೇಳಿದರು. "ನಾಲ್ಕು ಬೇಕು, ನಾಲ್ಕು ಇದೆ. ಮುಂದಿನ ವರ್ಷ ಎರಡನೇ ಗೋದಾಮು ಏಳುತ್ತೆ, ಇನ್ನೂ 12 ಕ್ಯಾಮೆರಾ ಬರುತ್ತೆ. /27ರಲ್ಲಿ ಹಿಡಿಸಲ್ಲ ಮಾರಾಯ್ರೆ."

20ಕ್ಕೆ 12 ಸೇರಿದರೆ 32, ನಿಜ, 29ರಲ್ಲಿ ಹಿಡಿಸುವುದಿಲ್ಲ. ಆದರೂ ನಾನು /27ಕ್ಕೇ ಒತ್ತಾಯಿಸಿದೆ. ಎರಡನೇ ಗೋದಾಮು ಬೇರೆ ಕಟ್ಟಡ, ಅದಕ್ಕೆ ಬೇರೆ ಸ್ವಿಚ್, ಬೇರೆ ಫೈಬರ್ ಎಳೆ. ಅಲ್ಲಿನ ಕ್ಯಾಮೆರಾಗಳನ್ನು ಹಳೆಯ ಪಾಲಿನೊಳಗೆ ತುರುಕುವುದಕ್ಕಿಂತ ಅವಕ್ಕೊಂದು ಹೊಸ ಪಾಲು ಕೊಡುವುದು ಮೇಲು. ಒಂದು ಗೋದಾಮಿನಲ್ಲಿ ಎದ್ದ ಗದ್ದಲ ಇನ್ನೊಂದಕ್ಕೆ ತಾಗುವುದಿಲ್ಲ. /27ರಲ್ಲಿ ನಾಲ್ಕು ಪಾಲು ಖಾಲಿ ಉಳಿಯುತ್ತವೆ. /26ರಲ್ಲಿ ಜಾಗವೇನೋ ಉಳಿಯುತ್ತದೆ, ಆದರೆ ಅದು ನಾಲ್ಕು ಪಾಲುಗಳ ಒಳಗೆ ಚೂರುಚೂರಾಗಿ ಸಿಕ್ಕಿಹಾಕಿಕೊಂಡಿರುತ್ತದೆ. ಐದನೇ ಬಳಕೆ ಹುಟ್ಟಿದ ದಿನ ಇಡೀ ಶಾಖೆಯ ವಿಳಾಸವನ್ನು ಮತ್ತೆ ಬರೆಯಬೇಕು. ಬೆಳವಣಿಗೆ ಪಾಲಿನೊಳಗೆ ಆಗುತ್ತದೋ, ಹೊಸ ಪಾಲಾಗಿ ಬರುತ್ತದೋ ಎನ್ನುವುದನ್ನು ಮೊದಲು ಕೇಳಿಕೊಂಡರೆ ಮಾಸ್ಕ್ ತಾನಾಗಿ ಗೊತ್ತಾಗುತ್ತದೆ. ಅವರು ಒಪ್ಪಿದರು.

ಒಪ್ಪುವ ಮೊದಲು ಅವರದು ಇನ್ನೊಂದು ಸಂಶಯ ಇತ್ತು: ಕಾಲೇಜಿನಲ್ಲಿ ಎಂಟರಲ್ಲಿ ಮೊದಲನೆಯ ಮತ್ತು ಕೊನೆಯ ಪಾಲು ಬಳಸಬಾರದು, ಆರೇ ಸಿಗುವುದು ಎಂದು ಕಲಿತಿದ್ದೆವಲ್ಲ? ಅದು 1985ರ ಆರ್‌ಎಫ್‌ಸಿ 950ರ ಕಾಲದ ನಿಯಮ. ಆಗಿನ ರೂಟರ್‌ಗಳು ಪರಸ್ಪರ ದಾರಿ ಹೇಳಿಕೊಳ್ಳುವಾಗ ಮಾಸ್ಕ್ ಕಳುಹಿಸುತ್ತಿರಲಿಲ್ಲ. ಹಾಗಾಗಿ ಇಡೀ ನೆಟ್‌ವರ್ಕಿನ ಹೆಸರೂ ಅದರ ಮೊದಲ ಪಾಲಿನ ಹೆಸರೂ ಒಂದೇ ಆಗಿ ಗೊಂದಲವಾಗುತ್ತಿತ್ತು. 1995ರ ಆರ್‌ಎಫ್‌ಸಿ 1878 ಆ ಪದ್ಧತಿ ಹಳತಾಯಿತು ಎಂದು ಬರೆದೇ ಬಿಟ್ಟಿದೆ. ನಮ್ಮ ಬ್ಲಾಕಿಗಂತೂ ಹಳೆಯ ನಿಯಮ ಹಿಡಿದರೂ ಅದು ಅನ್ವಯಿಸುವುದಿಲ್ಲ: 10ರ ಶ್ರೇಣಿಯಲ್ಲಿ ಆಗಿನ ಲೆಕ್ಕದಂತೆ ಪಾಲಿನ ಸಂಖ್ಯೆ 40 ಮತ್ತು 6ನ್ನೂ ಸೇರಿಸಿಕೊಂಡು ಆಗುವಂಥದ್ದು, ಅದು ಪೂರ್ತಿ ಸೊನ್ನೆಯಲ್ಲ, ಪೂರ್ತಿ ಒಂದೂ ಅಲ್ಲ. ಎಂಟಕ್ಕೆ ಎಂಟೂ ನಮ್ಮವೇ.

ಗಡಿಕಲ್ಲು ಹಾಕಿದ್ದು

ಪಾಲುಗಳ ಆರಂಭ ಕಂಡುಹಿಡಿಯಲು 256ರಿಂದ ಮಾಸ್ಕಿನ ಕೊನೆಯ ಅಂಕಿ ಕಳೆಯುತ್ತೇನೆ: 256−224 = 32. ಸೊನ್ನೆಯಿಂದ 32ರ ಹೆಜ್ಜೆ ಹಾಕುತ್ತ ಹೋದರೆ 0, 32, 64, 96, 128, 160, 192, 224. ಒಂದೊಂದರ ಬ್ರಾಡ್‌ಕಾಸ್ಟ್ ಮುಂದಿನದಕ್ಕಿಂತ ಒಂದು ಕಡಿಮೆ. ಬಾಯಲ್ಲಿ ಮಾಡಿದ ಲೆಕ್ಕವನ್ನು ಯಂತ್ರದಲ್ಲಿ ತಾಳೆ ನೋಡುವುದು ಒಳ್ಳೆಯದು. ಪೈಥಾನ್‌ನಲ್ಲಿ ಅದಕ್ಕೆಂದೇ ಮಾಡ್ಯೂಲ್ ಇದೆ:

```
import ipaddress
b = ipaddress.ip_network("10.40.6.0/24")
for n in b.subnets(new_prefix=27):
    print(n, n[1], n[-2], n[-1])
```

ಪಾಲು, ಬಳಸಬಹುದಾದ ಮೊದಲ ವಿಳಾಸ, ಕೊನೆಯ ವಿಳಾಸ, ಬ್ರಾಡ್‌ಕಾಸ್ಟ್, ಈ ಕ್ರಮದಲ್ಲಿ ಬರುತ್ತದೆ:

```
10.40.6.0/27 10.40.6.1 10.40.6.30 10.40.6.31
10.40.6.32/27 10.40.6.33 10.40.6.62 10.40.6.63
10.40.6.64/27 10.40.6.65 10.40.6.94 10.40.6.95
10.40.6.96/27 10.40.6.97 10.40.6.126 10.40.6.127
10.40.6.128/27 10.40.6.129 10.40.6.158 10.40.6.159
10.40.6.160/27 10.40.6.161 10.40.6.190 10.40.6.191
10.40.6.192/27 10.40.6.193 10.40.6.222 10.40.6.223
10.40.6.224/27 10.40.6.225 10.40.6.254 10.40.6.255
```

ಮೊದಲ ಪಾಲು ಕಚೇರಿಗೆ, ಎರಡನೆಯದು ಕ್ಯಾಮೆರಾಕ್ಕೆ, ಮೂರನೆಯದು ತೂಕದ ಸಾಧನಗಳಿಗೆ, ನಾಲ್ಕನೆಯದು ಸ್ವಿಚ್, ವೈಫೈ ಪೆಟ್ಟಿಗೆಗಳ ನಿರ್ವಹಣೆಗೆ. ಪ್ರತಿ ಪಾಲಿನ ಮೊದಲ ವಿಳಾಸವೇ ಗೇಟ್‌ವೇ ಎಂದು ಇಟ್ಟುಕೊಂಡೆ. ಪಾಲಿಗೊಂದು ವಿಲ್ಯಾನ್, ಅಂದರೆ ಅದೇ ಸ್ವಿಚ್‌ಗಳ ಮೇಲೆ ಬೇರೆ ಬೇರೆ ಜಾಲ: 10, 20, 30, 40. ಅಲ್ಲಿದ್ದದ್ದು ಲಿನಕ್ಸ್ ಓಡುವ ರೂಟರ್. ಹಳೆಯ 10.40.6.1/24ನ್ನು ಮೊದಲು ಅಳಿಸಿ, eth1.10ರಂಥ ವಿಲ್ಯಾನ್ ಇಂಟರ್‌ಫೇಸ್‌ಗಳನ್ನು ಮಾಡಿಕೊಂಡು, ಆಮೇಲೆ ಇವನ್ನು ಹಾಕಿದೆ:

```
ip addr add 10.40.6.1/27 dev eth1.10
ip addr add 10.40.6.33/27 dev eth1.20
ip addr add 10.40.6.65/27 dev eth1.30
ip addr add 10.40.6.97/27 dev eth1.40
```

ಇವು ಪರೀಕ್ಷೆಗಷ್ಟೇ, ರೂಟರ್ ಮರುಚಾಲೂ ಆದರೆ ಅಳಿಸಿಹೋಗುತ್ತವೆ. ಎಲ್ಲ ಸರಿಯೆಂದು ಕಂಡಮೇಲೆ ಸಂರಚನೆಯ ಫೈಲಿನಲ್ಲಿ ಬರೆಯಬೇಕು. ಕರೆಂಟ್ ಹೋಗಿ ಬರುವ ನಮ್ಮ ಕಡೆ ಇದನ್ನು ಮರೆತರೆ ಅದೇ ಸಂಜೆ ಗೊತ್ತಾಗುತ್ತದೆ.

ತಾನಾಗಿ ವಿಳಾಸ ಪಡೆಯುವ ಕಂಪ್ಯೂಟರ್‌ಗಳು ಹೊಸ ಪಾಲಿಗೆ ತಾವೇ ಬಂದು ಕೂತವು. ಕೈಯಲ್ಲಿ ವಿಳಾಸ ಬರೆದ ಸಾಧನಗಳದ್ದೇ ಕೆಲಸ. ಹಳೆಯ ಪಟ್ಟಿಯಲ್ಲಿ ಒಂದು ಪ್ರಿಂಟರ್‌ಗೆ 10.40.6.31 ಇತ್ತು. ಒಂದೇ ಅಂಗಳವಾಗಿದ್ದಾಗ ಅದು ಮಾಮೂಲಿ ವಿಳಾಸ; ಈಗ ಮೊದಲ ಪಾಲಿನ ಬ್ರಾಡ್‌ಕಾಸ್ಟ್. ವಿಂಡೋಸ್ ಕಂಪ್ಯೂಟರ್‌ನಲ್ಲಿ ಇಂಥ ವಿಳಾಸವನ್ನು 224ರ ಮಾಸ್ಕ್ ಜೊತೆ ಬರೆದರೆ ಜೋಡಿ ಸರಿಯಿಲ್ಲ ಎಂದು ತಿರಸ್ಕರಿಸುತ್ತದೆ. ಪ್ರಿಂಟರ್‌ನಂಥ ಸಣ್ಣ ಸಾಧನಗಳೆಲ್ಲ ಅಷ್ಟು ಎಚ್ಚರಿಸುತ್ತವೆಂದು ನಂಬಬಾರದು. ಆದ್ದರಿಂದ ಹಳೆಯ ಪಟ್ಟಿಯಲ್ಲಿ 32ರಿಂದ ನಿಶ್ಶೇಷವಾಗಿ ಭಾಗವಾಗುವ ಅಂಕಿಗಳು, ಅವಕ್ಕಿಂತ ಒಂದು ಕಡಿಮೆಯ ಅಂಕಿಗಳು ಇವೆಯೇ ಎಂದು ಮೊದಲೇ ಗುರುತು ಹಾಕಿಕೊಂಡು ಹೋಗಬೇಕು.

ಶಿವಮೊಗ್ಗಕ್ಕೆ ಕಾಣುತ್ತದೆ, ಪಕ್ಕದ ಕೋಣೆಗೆ ಕಾಣುವುದಿಲ್ಲ

ಕ್ಯಾಮೆರಾ ಹಾಕಿದವರು ಬಂದು ರೆಕಾರ್ಡರ್‌ಗೆ 10.40.6.40, ಗೇಟ್‌ವೇ 10.40.6.33 ಎಂದು ಕೊಟ್ಟು ಹೋದರು. ರೆಕಾರ್ಡಿಂಗ್ ನಡೆಯುತ್ತಿತ್ತು. ಶಿವಮೊಗ್ಗದವರು ತಮ್ಮ ಪರದೆಯಲ್ಲಿ ಗೋದಾಮು ನೋಡಿ ಚೆನ್ನಾಗಿ ಬರ್ತಿದೆ ಎಂದರು. ಮ್ಯಾನೇಜರ್ ಕೋಣೆಯ ಕಂಪ್ಯೂಟರ್‌ನಲ್ಲಿ ಮಾತ್ರ ಏನೂ ಇಲ್ಲ. ಅದರ ವಿಳಾಸ 10.40.6.10. "ಅರವತ್ತು ಕಿಲೋಮೀಟರ್ ಆಚೆ ಕಾಣೋದು ನಮ್ಮ ಅಂಗಳದಾಗೆ ಕಾಣಲ್ಲ ಅಂದ್ರೆ ಎಂತ ಇದು?" ಎಂದು ಅವರು ಕೇಳಿದ್ದರಲ್ಲಿ ತಪ್ಪಿಲ್ಲ.

ಈ ಲಕ್ಷಣ ಕಂಡರೆ ಮೊದಲು ನೋಡಬೇಕಾದದ್ದು ಮಾಸ್ಕ್. ದೂರಕ್ಕೆ ಸರಿ, ಹತ್ತಿರಕ್ಕೆ ಇಲ್ಲ ಎನ್ನುವುದು ಕೇಬಲ್ಲಿನ ದೋಷವಾಗಲಾರದು, ತಡೆಯ ನಿಯಮಗಳದ್ದೂ ಅಪರೂಪ. ರೂಟರ್‌ನಲ್ಲಿ ಕ್ಯಾಮೆರಾ ಪಾಲಿನ ಕಡೆ, ಈ ವಿಳಾಸ ಯಾರದು ಎಂದು ಕೇಳುವ ಎಆರ್‌ಪಿ ಕೂಗುಗಳಿಗೆ ಕಿವಿಗೊಟ್ಟೆ. ಸಮಯ, ಉದ್ದದ ಅಂಕಿ ಬಿಟ್ಟು ಕಂಡದ್ದು ಇಷ್ಟು:

```
tcpdump -ni eth1.20 arp
ARP, Request who-has 10.40.6.10 tell 10.40.6.40
ARP, Request who-has 10.40.6.10 tell 10.40.6.40
```

ಇಷ್ಟು ಸಾಕು. ರೆಕಾರ್ಡರ್ ತನ್ನ ಪಾಲಿನೊಳಗೇ 10.40.6.10 ಯಾರು, ಯಾರು ಎಂದು ಕೂಗುತ್ತಿದೆ. ಆ ವಿಳಾಸ ತನ್ನ ಪಾಲಿನದ್ದಲ್ಲ ಎಂದು ಅದಕ್ಕೆ ತಿಳಿದಿದ್ದರೆ ಕೂಗುತ್ತಿರಲಿಲ್ಲ, ನೇರ ಗೇಟ್‌ವೇಗೆ ಕೊಡುತ್ತಿತ್ತು. ತೆಗೆದು ನೋಡಿದರೆ ವಿಳಾಸ ಬದಲಾಗಿದೆ, ಮಾಸ್ಕ್ ಮಾತ್ರ ಹಳೆಯ 255.255.255.0.

ಒಳಗೆ ನಡೆಯುವುದು ಹೀಗೆ. ಯಾವುದೇ ಸಾಧನ ಕಳುಹಿಸುವ ಮೊದಲು ತನ್ನ ವಿಳಾಸವನ್ನೂ ಎದುರಿನ ವಿಳಾಸವನ್ನೂ ತನ್ನ ಮಾಸ್ಕ್ ಜೊತೆ ಬಿಟ್‌ಗೆ ಬಿಟ್ ಹೋಲಿಸುತ್ತದೆ. ಎರಡೂ ಕಡೆ ಒಂದಿದ್ದಲ್ಲಿ ಮಾತ್ರ ಒಂದು ಉಳಿಯುತ್ತದೆ. 224ರ ಮಾಸ್ಕ್ ಇದ್ದಿದ್ದರೆ:

```
40  = 00101000      10  = 00001010
224 = 11100000      224 = 11100000
32  = 00100000      0   = 00000000
```

ಒಂದು 32, ಇನ್ನೊಂದು 0. ಬೇರೆ ಪಾಲು, ಗೇಟ್‌ವೇಗೆ ಹೋಗು. ಆದರೆ ಮಾಸ್ಕಿನ ಕೊನೆಯ ಅಂಕಿ 0 ಆದರೆ ಎರಡೂ ಕಡೆ ಉತ್ತರ 0. ಎರಡೂ ನನ್ನ ಪಾಲಿನವೇ ಎಂದು ರೆಕಾರ್ಡರ್ ತಿಳಿಯಿತು. ಮ್ಯಾನೇಜರ್ ಕಂಪ್ಯೂಟರ್‌ನ ಮಾಸ್ಕ್ ಸರಿಯಿತ್ತು, ಅದು ಕಳುಹಿಸಿದ್ದು ಗೇಟ್‌ವೇ ಮೂಲಕ ರೆಕಾರ್ಡರ್‌ವರೆಗೆ ಮುಟ್ಟಿತು. ಮರಳಿ ಬರುವ ಉತ್ತರವೇ ಹೊರಡಲಿಲ್ಲ. ಶಿವಮೊಗ್ಗದ ವಿಳಾಸ 10.40.0 ಎಂದು ಶುರುವಾಗುತ್ತದೆ, ಹಳೆಯ ಮಾಸ್ಕಿನ ಲೆಕ್ಕದಲ್ಲೂ ಅದು ಹೊರಗಿನದೇ; ಆದ್ದರಿಂದ ಅದಕ್ಕೆ ಉತ್ತರ ಗೇಟ್‌ವೇ ಮೂಲಕ ಸರಿಯಾಗಿ ಹೋಯಿತು. ಕ್ಯಾಮೆರಾಗಳು ರೆಕಾರ್ಡರ್ ಜೊತೆ ಒಂದೇ ಪಾಲಿನಲ್ಲಿ ಇರುವುದರಿಂದ ಅವಕ್ಕೂ ತೊಂದರೆ ಕಾಣಲಿಲ್ಲ.

ಮಾಸ್ಕ್ ಸರಿಪಡಿಸಿದ ಕೂಡಲೇ ಮ್ಯಾನೇಜರ್ ಪರದೆಯಲ್ಲಿ ಗೋದಾಮು ಬಂತು. ಆದರೆ ಒಂದು ಎಚ್ಚರಿಕೆ: ಕೆಲವು ರೂಟರ್‌ಗಳಲ್ಲಿ ಪ್ರಾಕ್ಸಿ ಎಆರ್‌ಪಿ ಚಾಲೂ ಇರುತ್ತದೆ. ಆಗ ಆ ಕೂಗಿಗೆ ರೂಟರ್ ತಾನೇ ಓಗೊಟ್ಟು ಪ್ಯಾಕೆಟ್ ದಾಟಿಸಿಬಿಡುತ್ತದೆ, ತಪ್ಪು ಮಾಸ್ಕ್ ಮುಚ್ಚಿಹೋಗುತ್ತದೆ. ಮುಂದೊಂದು ದಿನ ರೂಟರ್ ಬದಲಿಸಿದಾಗ ಒಮ್ಮೆಲೇ ಹತ್ತು ಸಾಧನ ಸತ್ತಂತೆ ಕಾಣುತ್ತವೆ. ನಾನು ಅದನ್ನು ಆಫ್ ಇಟ್ಟೇ ಪ್ರತಿ ಸಾಧನ ಪರೀಕ್ಷಿಸುತ್ತೇನೆ, ಪಿಂಗ್ ಮಾಡುವುದೂ ಬೇರೆ ಪಾಲಿನಿಂದಲೇ. ಒಂದೇ ಪಾಲಿನೊಳಗಿನ ಪಿಂಗ್ ಈ ದೋಷವನ್ನು ಹಿಡಿಯುವುದಿಲ್ಲ.

ಖಾಲಿ ಪಾಲುಗಳಿಗೆ ಬೇಲಿ

ಬಳಸದ ನಾಲ್ಕು ಪಾಲುಗಳಿವೆಯಲ್ಲ, 128ರಿಂದ ಮೇಲಿನವು, ಅವನ್ನು ಸುಮ್ಮನೆ ಬಿಟ್ಟರೆ ಇನ್ನೊಂದು ತೊಂದರೆ. ಶಿವಮೊಗ್ಗದಿಂದ ಯಾರೋ 10.40.6.200ಕ್ಕೆ ಪಿಂಗ್ ಮಾಡಿದರು ಎಂದುಕೊಳ್ಳಿ. ಅಲ್ಲಿನ ರೂಟರ್‌ಗೆ 10.40.6.0/24 ಎಂದರೆ ಈ ಶಾಖೆ, ಕಳುಹಿಸುತ್ತದೆ. ಶಾಖೆಯ ರೂಟರ್‌ನಲ್ಲಿ 200 ಇರುವ ಪಾಲಿಗೆ ದಾರಿ ಇಲ್ಲ. ಆದರೆ 10.40.0.0/16 ಎಲ್ಲವೂ ಟನಲ್ ಕಡೆ ಎಂಬ ಸಾಲು ಇದೆ, ಅದಕ್ಕೆ 200 ಹೊಂದುತ್ತದೆ. ಮರಳಿ ಶಿವಮೊಗ್ಗಕ್ಕೆ ತಳ್ಳುತ್ತದೆ. ಅಲ್ಲಿಂದ ಮತ್ತೆ ಇಲ್ಲಿಗೆ. ಪ್ಯಾಕೆಟ್‌ನ ಆಯಸ್ಸು ಮುಗಿಯುವವರೆಗೆ ಟನಲ್‌ನಲ್ಲಿ ಈ ಓಡಾಟವೇ. ಟ್ರೇಸ್‌ರೂಟ್ ಹಾಕಿದರೆ ಎರಡೇ ವಿಳಾಸ ಒಂದಾದ ಮೇಲೊಂದು ಬರುತ್ತವೆ. ಹಿಂದೆ ಒಂದೇ ಅಂಗಳವಾಗಿದ್ದಾಗ ಇದು ಆಗುತ್ತಿರಲಿಲ್ಲ, ಇಡೀ /24 ರೂಟರ್‌ನ ಸ್ವಂತದ್ದಾಗಿತ್ತು. ಪಾಲು ಮಾಡಿದ್ದರಿಂದಲೇ ಹುಟ್ಟುವ ತೊಂದರೆ ಇದು.

ತಡೆ ಒಂದೇ ಸಾಲಿನದು, ಶಾಖೆಯ ರೂಟರ್‌ನಲ್ಲಿ:

```
ip route add unreachable 10.40.6.0/24
```

ಇಡೀ ಬ್ಲಾಕ್ ತಲುಪಲಾಗದ್ದು ಎಂದು ಬರೆದರೆ ಬಳಕೆಯಲ್ಲಿರುವ ಪಾಲುಗಳೂ ನಿಲ್ಲುವುದಿಲ್ಲವೇ? ಇಲ್ಲ. ರೂಟರ್ ಯಾವಾಗಲೂ ಹೆಚ್ಚು ಬಿಟ್ ಹೊಂದುವ ದಾರಿಯನ್ನೇ ಆರಿಸುತ್ತದೆ. 10.40.6.40ಕ್ಕೆ ಬಂದದ್ದಕ್ಕೆ /27ರ ದಾರಿ ಸಿಗುತ್ತದೆ, ಅದೇ ಗೆಲ್ಲುತ್ತದೆ. 10.40.6.200ಕ್ಕೆ /27 ಇಲ್ಲ, ಈ /24 ಸಿಗುತ್ತದೆ, /16ರವರೆಗೆ ಹೋಗುವುದೇ ಇಲ್ಲ. ಇದೇ ಜಾಗದಲ್ಲಿ `blackhole` ಎಂದೂ ಬರೆಯಬಹುದು, ಅದು ಸದ್ದಿಲ್ಲದೆ ಬಿಸಾಡುತ್ತದೆ. ನನಗೆ `unreachable` ಮೇಲು. ಕಳುಹಿಸಿದವರಿಗೆ ತಲುಪಲಿಲ್ಲ ಎಂಬ ಉತ್ತರ ಹೋಗುತ್ತದೆ, ಫೋನಿನಲ್ಲಿ ಹುಡುಕಾಡುವಾಗ ಅದರಿಂದ ಸಮಯ ಉಳಿಯುತ್ತದೆ.

ಬಿಟ್ಟು ಬಂದದ್ದು

ರ‍್ಯಾಕ್ ಬಾಗಿಲ ಒಳಗೆ ಒಂದು ಹಾಳೆ ಅಂಟಿಸಿದ್ದೇನೆ, ಮಳೆಗಾಲದ ತೇವಕ್ಕೆ ಹಾಳಾಗದಂತೆ ಲ್ಯಾಮಿನೇಷನ್ ಮಾಡಿಸಿ. ಅದರಲ್ಲಿ ಎಂಟೂ ಪಾಲು, ಗೇಟ್‌ವೇ, ಎಲ್ಲಕ್ಕೂ ಒಂದೇ ಮಾಸ್ಕ್ 255.255.255.224, ಯಾವ ಯಾವ ಅಂಕಿ ಕೊಡಬಾರದು ಎನ್ನುವ ಸಾಲು. ಪ್ರತಿ ಪಾಲಿನ 29ರಲ್ಲಿ ಕೆಳಗಿನ ಅರ್ಧ ಕೈಯಲ್ಲಿ ಬರೆಯುವ ವಿಳಾಸಕ್ಕೆ, ಮೇಲಿನ ಅರ್ಧ ರೂಟರ್ ಹಂಚುವುದಕ್ಕೆ. ಕ್ಯಾಮೆರಾ ಪಾಲಿನಲ್ಲಿ ಮಾತ್ರ ಎಲ್ಲವೂ ಕೈಬರಹದ್ದು. 20 ಸಾಧನಕ್ಕೆ ಅರ್ಧ ಸಾಲದು, ಅಲ್ಲಿ ತಾನಾಗಿ ಹಂಚುವುದನ್ನು ನಿಲ್ಲಿಸಿದ್ದೇನೆ.

ಎರಡನೇ ಗೋದಾಮು ಎದ್ದಾಗ ಅದರ ಕ್ಯಾಮೆರಾಗಳು 10.40.6.128/27ಕ್ಕೆ, ಗೇಟ್‌ವೇ 10.40.6.129, ವಿಲ್ಯಾನ್ 50 ಎಂದು ಅದೇ ಹಾಳೆಯಲ್ಲಿ ಬರೆದಿದೆ. ಮುಖ್ಯ ಕಚೇರಿಯವರು ಈ ನಕ್ಷೆಯನ್ನು ಹೊಸನಗರದ ಶಾಖೆಗೂ ತೆಗೆದುಕೊಂಡಿದ್ದಾರೆ. ಅಲ್ಲಿಯ ಬ್ಲಾಕ್ 10.40.7.0/24, ಮೂರನೇ ಅಂಕಿ 6 ಇದ್ದಲ್ಲಿ 7 ಬರೆದರೆ ಉಳಿದದ್ದೆಲ್ಲ ಹಾಗೇ.